ಒಂದೇ ಬಾಟಲಿ, ಎರಡು ಆರ್ಸೆನಿಕ್ ಅಂಕಿ: ಎಎಎಸ್ ಮತ್ತು ಐಸಿಪಿ ಫಲಿತಾಂಶ ಹೊಂದದಿದ್ದಾಗ ದೋಷ ಹುಡುಕುವ ಕ್ರಮ

ಕೊಳವೆಬಾವಿಯ ಒಂದು ಸ್ಯಾಂಪಲ್ ಲ್ಯಾಬಿಗೆ ಬಂದಿದೆ ಎಂದಿಟ್ಟುಕೊಳ್ಳಿ. ನೀರು ಗಡುಸು: ಲೀಟರಿಗೆ 210 ಮಿಲಿಗ್ರಾಂ ಕ್ಯಾಲ್ಸಿಯಂ, 60 ಮಿಲಿಗ್ರಾಂ ಮೆಗ್ನೀಸಿಯಂ. ಐಸಿಪಿ-ಓಇಎಸ್ (ಪ್ಲಾಸ್ಮಾ ಹೊರಸೂಸುವಿಕೆ) ಯಂತ್ರ 17 ಪಿಪಿಬಿ ಆರ್ಸೆನಿಕ್ ತೋರಿಸಿತು. ಪಕ್ಕದ ಕೋಣೆಯ ಹೈಡ್ರೈಡ್ ಎಎಎಸ್ (ಪರಮಾಣು ಹೀರಿಕೆ) ತೋರಿಸಿದ್ದು 6.2. ಕುಡಿಯುವ ನೀರಿನ ಮಾನಕ ಐಎಸ್ 10500 ಇಟ್ಟಿರುವ ಮಿತಿ 0.01 ಮಿಲಿಗ್ರಾಂ ಪ್ರತಿ ಲೀಟರ್, ಅಂದರೆ 10 ಪಿಪಿಬಿ. ಒಂದು ಯಂತ್ರದ ಪ್ರಕಾರ ಬಾವಿ ಮುಚ್ಚಬೇಕು, ಇನ್ನೊಂದರ ಪ್ರಕಾರ ಕುಡಿಯಬಹುದು.

ಕರ್ನಾಟಕದಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಹಟ್ಟಿ ಕಡೆಯ ಚಿನ್ನದ ಅದಿರಿನ ಪಟ್ಟಿಯಲ್ಲಿ ಬಂಡೆಯೊಳಗೆ ಆರ್ಸೆನೋಪೈರೈಟ್ ಇದೆ. ಅಲ್ಲಿನ ಕೆಲವು ಕೊಳವೆಬಾವಿಗಳಲ್ಲಿ ಮಿತಿ ಮೀರಿದ ಆರ್ಸೆನಿಕ್ ಸಿಕ್ಕಿದೆ. ಕೆಳಗಿನ ಅಂಕಿಗಳು ಮಾತ್ರ ಯಾವ ಊರಿನವೂ ಅಲ್ಲ, ಕ್ರಮ ವಿವರಿಸಲು ಕಟ್ಟಿದವು.

ಇಂಥ ಹೊತ್ತಿನಲ್ಲಿ ಎರಡು ಅಂಕಿಯ ಸರಾಸರಿ ಹಾಕಿ 11.6 ಎಂದು ಬರೆಯುವುದೂ ಉಂಟು. ಈ ಉದಾಹರಣೆಯಲ್ಲಿ ಅದು ನಿಜಕ್ಕೆ ಹತ್ತಿರವೇ ಬೀಳುತ್ತದೆ, ಆದರೆ ಬರೀ ಅದೃಷ್ಟದಿಂದ. ಇಲ್ಲಿ ಎರಡು ಯಂತ್ರಗಳೂ ತಪ್ಪು ಹೇಳುತ್ತಿವೆ, ಒಂದೊಂದು ಒಂದೊಂದು ದಿಕ್ಕಿಗೆ. ಅದಕ್ಕಿಂತ ಕಷ್ಟದ ಮಾತೆಂದರೆ, ಗೊತ್ತಿರುವಷ್ಟು ಆರ್ಸೆನಿಕ್ ಸೇರಿಸಿ ಅದು ಪೂರ್ತಿ ಮರಳಿ ಕಾಣುತ್ತದೆಯೇ ಎಂದು ನೋಡುವ ಸ್ಪೈಕ್ ಪರೀಕ್ಷೆ ಎರಡರಲ್ಲೂ ಪಾಸಾಗುತ್ತದೆ.

ಮೊದಲು ಬಾಟಲಿ ನೋಡಿ, ಆಮೇಲೆ ಯಂತ್ರ

ಬಾಟಲಿಯ ತಳದಲ್ಲಿ ತುಕ್ಕಿನ ಬಣ್ಣದ ಮಡ್ಡಿ ಇದೆಯೇ? ಇದ್ದರೆ ಯಂತ್ರಗಳ ಜಗಳ ಆಮೇಲೆ. ಬಾವಿಯೊಳಗೆ ಕರಗಿದ್ದ ಕಬ್ಬಿಣಕ್ಕೆ ಗಾಳಿ ತಾಗಿದೊಡನೆ ಅದು ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತದೆ, ಕೂರುವಾಗ ಆರ್ಸೆನಿಕ್ಕನ್ನೂ ಹಿಡಿದುಕೊಂಡೇ ಕೂರುತ್ತದೆ. ಮೇಲಿನ ತಿಳಿ ನೀರನ್ನು ಬಗ್ಗಿಸಿ ಒಂದು ಯಂತ್ರಕ್ಕೆ, ಅಲ್ಲಾಡಿಸಿದ ನೀರನ್ನು ಇನ್ನೊಂದಕ್ಕೆ ಕೊಟ್ಟರೆ ಎರಡು ಉತ್ತರ ಬರಲೇಬೇಕು.

ಆಮ್ಲ ಹಾಕದೆ ಬಂದ ಸ್ಯಾಂಪಲ್ ಆಗಿದ್ದರೆ ಬೇರೆ ಪಾತ್ರೆಗೆ ಬಗ್ಗಿಸಬೇಡಿ, ಅದೇ ಬಾಟಲಿಗೆ ಆಮ್ಲ ಹಾಕಿ. ಒಂದು ಲೀಟರಿಗೆ 2 ಮಿ.ಲೀ. ಸಾಂದ್ರ ನೈಟ್ರಿಕ್ ಆಮ್ಲ. ನಮ್ಮ ಗಡಸು ನೀರಿಗೆ 1 ಮಿ.ಲೀ. ಸಾಲದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಕ್ಷಾರತೆ 400 ಮಿ.ಗ್ರಾಂ. ಇದ್ದರೆ ಅದೊಂದನ್ನೇ ತಣಿಸಲು 8 ಮಿಲಿಈಕ್ವಿವಲೆಂಟ್ ಆಮ್ಲ ಖರ್ಚಾಗುತ್ತದೆ. 1 ಮಿ.ಲೀ. ಸಾಂದ್ರ ನೈಟ್ರಿಕ್ ಕೊಡುವುದು ಸುಮಾರು 16. ಉಳಿದ 8ರಲ್ಲಿ ಪಿಎಚ್ 2.1ರ ಹತ್ತಿರ ನಿಲ್ಲುತ್ತದೆ, 2ರ ಕೆಳಗೆ ಇಳಿಯುವುದಿಲ್ಲ. 2 ಮಿ.ಲೀ. ಹಾಕಿದರೆ 1.6ಕ್ಕೆ ಬರುತ್ತದೆ. ಆಮ್ಲ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಕನಿಷ್ಠ 16 ಗಂಟೆ ಬಿಟ್ಟು, ಪಿಎಚ್ ಮತ್ತೆ ನೋಡಿ. ಆಮೇಲೂ ಮಬ್ಬು 1 ಎನ್‌ಟಿಯುಗಿಂತ ಹೆಚ್ಚಿದ್ದರೆ ಬಿಸಿ ಆಮ್ಲದಲ್ಲಿ ಡೈಜೆಸ್ಟ್ ಮಾಡದೆ ಒಟ್ಟು ಆರ್ಸೆನಿಕ್ ಸಿಗುವುದಿಲ್ಲ.

ನಮ್ಮ ಸ್ಯಾಂಪಲ್ಲಿನಲ್ಲಿ ಮಡ್ಡಿ ಇರಲಿಲ್ಲ, ಪಿಎಚ್ 1.6. ಅದೇ ಬಾಟಲಿಯಿಂದ ಮತ್ತೆ ಓದಿಸಿದಾಗಲೂ 17 ಮತ್ತು 6.2 ಬಂದವು. ಹಾಗಾದರೆ ದೋಷ ಬಾಟಲಿಯಲ್ಲಿಲ್ಲ.

10 ಪಿಪಿಬಿಯನ್ನು ಯಾವ ಯಂತ್ರ ನಿಜವಾಗಿ ಕಾಣಬಲ್ಲದು?

ತಯಾರಕರ ಕೋಷ್ಟಕಗಳಲ್ಲಿ ಆರ್ಸೆನಿಕ್ ಪತ್ತೆ ಮಿತಿ ಸುಮಾರು ಹೀಗಿರುತ್ತದೆ: ಜ್ವಾಲೆಯ ಎಎಎಸ್‌ನಲ್ಲಿ 150 ಪಿಪಿಬಿ, ಐಸಿಪಿ-ಓಇಎಸ್‌ನಲ್ಲಿ 1ರಿಂದ 2, ಗ್ರಾಫೈಟ್ ಫರ್ನೇಸ್‌ನಲ್ಲಿ 0.05, ಹೈಡ್ರೈಡ್‌ನಲ್ಲಿ 0.03. ಜ್ವಾಲೆಯನ್ನು ಇಲ್ಲೇ ಕೈಬಿಡಿ. ಮಿತಿಯ ಹದಿನೈದು ಪಟ್ಟು ಮೇಲೆ ಇದ್ದರಷ್ಟೇ ಅದಕ್ಕೆ ಕಾಣುತ್ತದೆ.

ಉಳಿದ ಅಂಕಿಗಳನ್ನೂ ಹಾಗೆಯೇ ನಂಬಬಾರದು. ಅವು ಶುದ್ಧ ಆಮ್ಲದ ನೀರಿನಲ್ಲಿ, ಎಲ್ಲ ಹೊಂದಿಸಿಟ್ಟ ಯಂತ್ರದಲ್ಲಿ, ಬ್ಲ್ಯಾಂಕಿನ ಏರಿಳಿತದ ಮೂರು ಪಟ್ಟು ಎಂದು ಲೆಕ್ಕ ಹಾಕಿದವು. ಹೈಡ್ರೈಡ್‌ನ 0.03ರ ಮಾತೇ ತೆಗೆದುಕೊಳ್ಳಿ. ಅದು ಯಂತ್ರಕ್ಕೆ ಹೋಗುವ ದ್ರಾವಣದ ಲೆಕ್ಕ. ನಾವು 1 ಮಿ.ಲೀ. ಸ್ಯಾಂಪಲ್ಲನ್ನು 10 ಮಿ.ಲೀ.ಗೆ ಏರಿಸಿ ಓದಿಸುತ್ತೇವೆ, ಆದ್ದರಿಂದ ಮೂಲ ನೀರಿಗೆ ಅದು ಆಗಲೇ 0.3.

ನಿಮ್ಮ ಲ್ಯಾಬಿನ ಮಿತಿ ನೀವೇ ಕಂಡುಕೊಳ್ಳಬೇಕು. ಅಮೆರಿಕದ ಇಪಿಎ ಬಳಸುವ ದಾರಿ ಸರಳವಾಗಿದೆ: ಆರ್ಸೆನಿಕ್ ಇಲ್ಲದ ನೀರಿಗೆ ಅಂದಾಜು ಮಿತಿಯ ಎರಡರಿಂದ ಹತ್ತು ಪಟ್ಟು ಆರ್ಸೆನಿಕ್ ಸೇರಿಸಿ, ಏಳು ಬಾರಿ ಪೂರ್ತಿ ವಿಧಾನದಂತೆ ಓದಿಸಿ, ಪ್ರಮಾಣಿತ ವಿಚಲನೆ s ಅನ್ನು 3.143ರಿಂದ ಗುಣಿಸುವುದು. ಅದು ಪತ್ತೆ ಮಿತಿ, MDL. ನಂಬಿ ಅಂಕಿ ಬರೆಯಬಹುದಾದ ಅಳತೆ ಮಿತಿ, LOQ, s ನ ಹತ್ತು ಪಟ್ಟು.

```
MDL = 3.143 × s     (n = 7)
LOQ = 10 × s
```

ಮುಂದೆ ಹೇಳುವ ಹಿನ್ನೆಲೆ ದೋಷ ಸರಿಪಡಿಸಿದ ಮೇಲೆ, ಆರ್ಸೆನಿಕ್ ಇಲ್ಲದ ಗಡಸು ನೀರಿಗೆ 10 ಪಿಪಿಬಿ ಸೇರಿಸಿದಾಗ ಐಸಿಪಿ ಕೊಟ್ಟದ್ದು 10.9, 8.8, 11.6, 9.4, 10.2, 8.3, 11.1 ಎಂದಿರಲಿ. ಸರಾಸರಿ 10.0. ನೋಡಲು ಚೆನ್ನಾಗಿಯೇ ಇದೆ. ಆದರೆ s ಬರುವುದು 1.245. ಪತ್ತೆ ಮಿತಿ 3.9, ಅಳತೆ ಮಿತಿ 12.4. ಅಂದರೆ ಈ ಯಂತ್ರ ಈ ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ಹೇಳಬಲ್ಲದು, 10ರ ಆಚೆಯೋ ಈಚೆಯೋ ಎಂದು ಹೇಳಲಾರದು. ಅದೇ ನೀರಿಗೆ ಹೈಡ್ರೈಡ್‌ನಲ್ಲಿ s 0.12 ಬಂದರೆ ಪತ್ತೆ ಮಿತಿ 0.38, ಅಳತೆ ಮಿತಿ 1.2. ಏಳೂ ಓದುಗಳನ್ನು ಒಂದೇ ಬೆಳಿಗ್ಗೆ ಮುಗಿಸಿದರೆ s ಸುಳ್ಳೇ ಚಿಕ್ಕದಾಗುತ್ತದೆ. ಮೂರು ಬೇರೆ ದಿನಗಳಿಗೆ ಹಂಚಿ.

ಅಮೆರಿಕದಲ್ಲಿ ಆರ್ಸೆನಿಕ್ ಮಿತಿ 50ರಿಂದ 10 ಪಿಪಿಬಿಗೆ ಇಳಿದು 2006ರ ಜನವರಿಯಲ್ಲಿ ಜಾರಿಗೆ ಬಂದಾಗ, ಕುಡಿಯುವ ನೀರಿನ ಆರ್ಸೆನಿಕ್‌ಗೆ ಐಸಿಪಿ ವಿಧಾನ 200.7ರ ಮನ್ನಣೆಯನ್ನು ಇಪಿಎ ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ಯಂತ್ರ ಕೆಟ್ಟದ್ದಾಗಿರಲಿಲ್ಲ, ಮಿತಿ ಅದರ ಕೈಗೆಟುಕದಷ್ಟು ಕೆಳಗೆ ಇಳಿದಿತ್ತು.

ಐಸಿಪಿ ಹೆಚ್ಚು ತೋರಿಸುವುದೇಕೆ

ಏರಿಳಿತವೊಂದರಿಂದಲೇ 11 ಇರುವುದು 17 ಆಗುವುದಿಲ್ಲ. ಅದೂ ಪ್ರತಿ ಬಾರಿಯೂ ಮೇಲಕ್ಕೇ ಹೋಗುತ್ತಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು. ಆರ್ಸೆನಿಕ್‌ನ ಬಳಕೆಯ ಗೆರೆಗಳು `As 188.979`, `As 193.696`, `As 197.197`. ಮೂರೂ 200 ನ್ಯಾನೋಮೀಟರಿನ ಕೆಳಗೆ. ಪ್ಲಾಸ್ಮಾದಲ್ಲಿ ಕ್ಯಾಲ್ಸಿಯಂ ಅಯಾನುಗಳು ಎಲೆಕ್ಟ್ರಾನನ್ನು ಮತ್ತೆ ಹಿಡಿಯುವಾಗ ಹೊರಬೀಳುವ, ಗೆರೆಯಿಲ್ಲದ ಹರಡಿದ ಬೆಳಕು ಬೀಳುವುದೂ ಇಲ್ಲಿಯೇ. ಬ್ಲ್ಯಾಂಕಿನಲ್ಲಿ ಕ್ಯಾಲ್ಸಿಯಂ ಇಲ್ಲ, ಸ್ಟ್ಯಾಂಡರ್ಡಿನಲ್ಲೂ ಇಲ್ಲ. ಸ್ಯಾಂಪಲ್ಲಿನಲ್ಲಿ ಮಾತ್ರ ನೆಲವೇ ಮೇಲೆದ್ದಿದೆ, ಅದೂ ಓರೆಯಾಗಿ.

ತೆರೆಯ ಮೇಲೆ ಬ್ಲ್ಯಾಂಕ್, 10 ಪಿಪಿಬಿ ಸ್ಟ್ಯಾಂಡರ್ಡ್, ಸ್ಯಾಂಪಲ್ ಮೂರರ ಗೆರೆಚಿತ್ರವನ್ನೂ ಒಂದರ ಮೇಲೊಂದು ಹಾಕಿ ನೋಡಿ. ಬ್ಲ್ಯಾಂಕಿನ ನೆಲ ಚಪ್ಪಟೆಯಾಗಿ ಮಲಗಿರುತ್ತದೆ. ಸ್ಟ್ಯಾಂಡರ್ಡಿನದು ಅದೇ ನೆಲದ ಮೇಲೊಂದು ಚಿಕ್ಕ ಗುಡ್ಡ. ಸ್ಯಾಂಪಲ್ಲಿನ ಗುಡ್ಡ ಅಷ್ಟೇ ಎತ್ತರ, ಆದರೆ ಅದು ನಿಂತಿರುವುದು ಇಳಿಜಾರಿನಲ್ಲಿ. ಹಿನ್ನೆಲೆ ಬಿಂದುವನ್ನು ಇಳಿಜಾರಿನ ತಗ್ಗು ಬದಿಯಲ್ಲಿ ಒಂದೇ ಕಡೆ ಇಟ್ಟಿದ್ದರೆ ಯಂತ್ರ ಕಡಿಮೆ ನೆಲವನ್ನು ಕಳೆಯುತ್ತದೆ, ಉಳಿದ ನೆಲವೆಲ್ಲ ಆರ್ಸೆನಿಕ್ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿ ಸ್ಪೈಕ್ ಏಕೆ ಕೈಕೊಡುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಸ್ಯಾಂಪಲ್ಲಿಗೆ 20 ಪಿಪಿಬಿ ಸೇರಿಸಿ. ಓದು 17ರಿಂದ 37ಕ್ಕೆ ಹೋಗುತ್ತದೆ. ಮರಳಿಕೆ ನೂರಕ್ಕೆ ನೂರು. ಏಕೆಂದರೆ ಕ್ಯಾಲ್ಸಿಯಂ ಕೊಟ್ಟ ಸುಳ್ಳು 6 ಎರಡೂ ಓದಿನಲ್ಲಿದೆ, ಕಳೆಯುವಾಗ ಹೊರಟುಹೋಗುತ್ತದೆ. ಸರಿ, ಅರ್ಧಕ್ಕರ್ಧ ನೀರು ಬೆರೆಸಿ ನೋಡೋಣ ಎಂದರೆ 8.5 ಬರುತ್ತದೆ, ಇದೂ ಸರಿ ಕಾಣುತ್ತದೆ. ನೀರು ಬೆರೆಸಿದಾಗ ಕ್ಯಾಲ್ಸಿಯಂ ಕೂಡ ಅರ್ಧವಾಯಿತಲ್ಲ! ಸ್ಟ್ಯಾಂಡರ್ಡ್ ಅಡಿಷನ್ ಮಾಡಿದರೂ ಇದೇ ಕಥೆ. ಓದನ್ನು ಗುಣಿಸುವ ದೋಷವನ್ನು ಇವು ಹಿಡಿಯುತ್ತವೆ, ಓದಿಗೆ ಏನನ್ನೋ ಕೂಡಿಸುವ ದೋಷ ಇವುಗಳ ಕಣ್ಣಿಗೆ ಬೀಳುವುದಿಲ್ಲ.

ಹಿಡಿಯುವ ದಾರಿ ಬೇರೆ. ಅತಿ ಶುದ್ಧ ಕ್ಯಾಲ್ಸಿಯಂ ನೈಟ್ರೇಟ್‌ನಿಂದ 210 ಪಿಪಿಎಂ ಕ್ಯಾಲ್ಸಿಯಂ ದ್ರಾವಣ ಮಾಡಿ, ಅದೇ ಆಮ್ಲದಲ್ಲಿ, ಆರ್ಸೆನಿಕ್ ಹಾಕದೆ ಓದಿಸಿ. ನಮ್ಮ ಉದಾಹರಣೆಯಲ್ಲಿ ಅದು 5.8 ಪಿಪಿಬಿ ಆರ್ಸೆನಿಕ್ ತೋರಿಸಿತು. ಅಲ್ಲಿಗೆ ಕಳ್ಳ ಸಿಕ್ಕ. ಆ ಕ್ಯಾಲ್ಸಿಯಂ ಲವಣದಲ್ಲೇ ಆರ್ಸೆನಿಕ್ ಇರಬಹುದೆಂಬ ಅನುಮಾನ ಬಂದರೆ ಗೆರೆಚಿತ್ರ ನೋಡಿ: ಗುಡ್ಡ ಇದ್ದರೆ ಆರ್ಸೆನಿಕ್, ಬರೀ ಇಳಿಜಾರಾದರೆ ಹಿನ್ನೆಲೆ.

ಸರಿಪಡಿಸುವುದು ಸುಲಭ. ಗೆರೆಯ ಎರಡೂ ಬದಿಗೆ, ಗುಡ್ಡದ ಬುಡದಿಂದ ಸ್ವಲ್ಪ ಆಚೆ, ಹಿನ್ನೆಲೆ ಬಿಂದು ಇಡಿ. ಮತ್ತೆ ಕ್ಯಾಲ್ಸಿಯಂ ದ್ರಾವಣ ಓದಿಸಿದಾಗ 0.4ಕ್ಕೆ ಇಳಿಯಿತು, ಸ್ಯಾಂಪಲ್ 11.8ಕ್ಕೆ ಬಂತು. ಜೊತೆಗೆ ಒಂದಲ್ಲ, ಎರಡು ಗೆರೆಯಲ್ಲಿ ಓದಿಸಿ. ಎರಡೂ ಒಂದೇ ಅಂಕಿ ಕೊಟ್ಟರೆ ಧೈರ್ಯ. 188.979 ಬಳಸುವುದಾದರೆ ಬೆಳಕಿನ ದಾರಿಯಲ್ಲಿ ಗಾಳಿ ಇರಬಾರದು, ಆಮ್ಲಜನಕ ಅಲ್ಲಿನ ಬೆಳಕನ್ನು ನುಂಗುತ್ತದೆ. ಯಂತ್ರ ಹಚ್ಚಿದ ಒಂದು ಗಂಟೆಯಲ್ಲಿ ಸ್ಟ್ಯಾಂಡರ್ಡಿನ ಎಣಿಕೆ ಏರುತ್ತಲೇ ಇದ್ದರೆ ಪರ್ಜ್ ಅನಿಲ ಇನ್ನೂ ಒಳಗಿನ ಗಾಳಿಯನ್ನು ತಳ್ಳಿ ಮುಗಿಸಿಲ್ಲ ಎಂದರ್ಥ. ಆ ಹೊತ್ತಿನ ಓದು ಬೇಡ.

ಹೈಡ್ರೈಡ್ ಕಡಿಮೆ ತೋರಿಸುವುದೇಕೆ

ಹೈಡ್ರೈಡ್ ವಿಧಾನದಲ್ಲಿ ಸೋಡಿಯಂ ಬೋರೋಹೈಡ್ರೈಡ್ ಆರ್ಸೆನಿಕ್ಕನ್ನು ಆರ್ಸೀನ್ ಅನಿಲವಾಗಿಸುತ್ತದೆ. 900 ಡಿಗ್ರಿಗೆ ಕಾಯಿಸಿದ ಕ್ವಾರ್ಟ್ಜ್ ಕೊಳವೆಯಲ್ಲಿ ಅದು ಒಡೆದು ಪರಮಾಣುವಾಗುತ್ತದೆ. ಕ್ಯಾಲ್ಸಿಯಂ ಅನಿಲವಾಗುವುದಿಲ್ಲ, ಹಿಂದೆಯೇ ಉಳಿಯುತ್ತದೆ. ಗಡಸು ನೀರಿಗೆ ಇದು ಇಷ್ಟು ಚೆನ್ನಾಗಿ ಹೊಂದುವುದು ಇದರಿಂದಲೇ. ಆದರೆ ಮೂರು ವೇಲೆನ್ಸಿಯ ಆರ್ಸೆನಿಕ್ ಬೇಗ ಅನಿಲವಾಗುತ್ತದೆ, ಐದರದು ನಿಧಾನ. ಗಾಳಿ ಬೆರೆತ ನೀರಿನಲ್ಲಿ, ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಇರುವುದು ಬಹುಪಾಲು ಐದರದೇ. ಅದನ್ನು ಮೊದಲು ಮೂರಕ್ಕೆ ಇಳಿಸದೆ ಓದಿಸಿದರೆ ಸಿಗ್ನಲ್ ಅರ್ಧಂಬರ್ಧ.

ಇಲ್ಲೂ ಸ್ಪೈಕ್ ಮೋಸ ಮಾಡುತ್ತದೆ, ಬೇರೆ ರೀತಿಯಲ್ಲಿ. ಕ್ಯಾಲಿಬ್ರೇಷನ್ ಸ್ಟಾಕ್ ಆರ್ಸೆನಿಕ್ ಟ್ರೈಆಕ್ಸೈಡಿನಿಂದ ಮಾಡಿದ್ದಾದರೆ ಅದರಲ್ಲಿರುವುದು ಮೂರರ ಆರ್ಸೆನಿಕ್. ಅದನ್ನೇ ಸ್ಯಾಂಪಲ್ಲಿಗೆ ಸ್ಪೈಕ್ ಹಾಕಿದರೆ ಅದು ಪೂರ್ತಿ ಅನಿಲವಾಗಿ ಶೇಕಡಾ 98 ಮರಳುತ್ತದೆ, ನೀರಿನಲ್ಲೇ ಇದ್ದ ಐದರದು ಮಾತ್ರ ಅರ್ಧ ಕಾಣುತ್ತದೆ. ಮಾರುಕಟ್ಟೆಯ ಕೆಲವು ಸ್ಟಾಕ್‌ಗಳು ಆರ್ಸೆನಿಕ್ ಆಮ್ಲದವು, ಅಂದರೆ ಐದರವು. ಅವನ್ನು ಹಾಗೇ ಬಳಸಿ, ನೀರಿನಲ್ಲಿ ಮೂರರದು ಇದ್ದರೆ ಫಲಿತಾಂಶ ಉಲ್ಟಾ, ಹೆಚ್ಚು ಬರುತ್ತದೆ. ಸ್ಟಾಕ್ ಬಾಟಲಿಯ ಚೀಟಿ ಓದುವುದೇ ಇಲ್ಲಿನ ಮೊದಲ ಪರೀಕ್ಷೆ.

ಖಚಿತಪಡಿಸಿಕೊಳ್ಳಲು ಐದರ ಸ್ಟಾಕ್‌ನಿಂದ 10 ಪಿಪಿಬಿ ಮಾಡಿ, ಇಳಿಸದೆ ಒಮ್ಮೆ, ಇಳಿಸಿ ಒಮ್ಮೆ ಓದಿಸಿ. ನಮ್ಮಲ್ಲಿ ಇಳಿಸದ್ದು 5.5 ತೋರಿಸಿತು ಎಂದರೆ ಸ್ಯಾಂಪಲ್ಲಿನ 6.2 ಯಾಕೆ ಹಾಗಿತ್ತೆಂದು ತಿಳಿಯಿತು. ಆದರೆ 0.55ರಿಂದ ಭಾಗಿಸಿ ವರದಿ ಬರೆಯಬೇಡಿ. ಆ ಅನುಪಾತ ಆಮ್ಲ, ಬೋರೋಹೈಡ್ರೈಡ್, ಹರಿವಿನ ವೇಗ ಎಲ್ಲದರ ಮೇಲೂ ನಿಂತಿದೆ, ನಾಳೆ ಬೇರೆಯಾಗುತ್ತದೆ. ಇಳಿಸಿಯೇ ಓದಿಸಿ.

1 ಮಿ.ಲೀ. ಸ್ಯಾಂಪಲ್, 1 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಶೇಕಡಾ 5 ಪೊಟ್ಯಾಸಿಯಂ ಅಯೋಡೈಡ್ ಮತ್ತು ಶೇಕಡಾ 5 ಆಸ್ಕಾರ್ಬಿಕ್ ಆಮ್ಲ ಇರುವ ದ್ರಾವಣ 1 ಮಿ.ಲೀ. ಇವನ್ನು ಸೇರಿಸಿ ಕೋಣೆಯ ಬಿಸಿಯಲ್ಲಿ 45 ನಿಮಿಷ ಬಿಟ್ಟು, ನೀರಿನಿಂದ 10 ಮಿ.ಲೀ.ಗೆ ಏರಿಸಿ. ಬ್ಲ್ಯಾಂಕಿಗೂ ಸ್ಟ್ಯಾಂಡರ್ಡಿಗೂ ಇದೇ ಕ್ರಮ, ಇದೇ ಹೊತ್ತು. ಅಯೋಡೈಡ್ ದ್ರಾವಣ ಅಂದಂದಿನದೇ ಆಗಬೇಕು, ಬೋರೋಹೈಡ್ರೈಡ್ ಕೂಡ (ಶೇಕಡಾ 0.2, ಶೇಕಡಾ 0.05 ಸೋಡಿಯಂ ಹೈಡ್ರಾಕ್ಸೈಡಿನಲ್ಲಿ).

ಕಾಯುವ ಹೊತ್ತಿನಲ್ಲಿ ಫ್ಲಾಸ್ಕಿನ ಬಣ್ಣದ ಮೇಲೆ ಕಣ್ಣಿರಲಿ. ಸರಿಯಾದ ದ್ರಾವಣ ಬಣ್ಣವಿಲ್ಲದ್ದು, ಹೆಚ್ಚೆಂದರೆ ತೆಳು ಹಳದಿ. ಕಂದಿ ಚಹಾದ ಬಣ್ಣಕ್ಕೆ ತಿರುಗಿದರೆ ಅಯೋಡಿನ್ ಬಿಡುಗಡೆಯಾಗಿದೆ, ಇಳಿಸಬೇಕಾದ ಅಯೋಡೈಡ್ ಬೇರೆ ಕಡೆ ಖರ್ಚಾಗಿದೆ. ಸ್ಯಾಂಪಲ್ಲಿಗೆ ನೈಟ್ರಿಕ್ ಆಮ್ಲ ಹೆಚ್ಚಾಗಿರಬಹುದು, ಕಬ್ಬಿಣ ಜಾಸ್ತಿ ಇರಬಹುದು, ಅಥವಾ ಆಸ್ಕಾರ್ಬಿಕ್ ಹಳತಾಗಿರಬಹುದು. ಆ ಫ್ಲಾಸ್ಕನ್ನು ಓದಿಸಬೇಡಿ, ಹೊಸ ದ್ರಾವಣದಲ್ಲಿ ಮತ್ತೆ ಮಾಡಿ. ಇನ್ನೊಂದು ಮಾತು: ಇದೇ ಫ್ಲಾಸ್ಕಿನಿಂದ ಸೆಲೆನಿಯಂ ಕೂಡ ಓದಿಸಿಬಿಡೋಣ ಎಂದುಕೊಳ್ಳಬೇಡಿ. ಅಯೋಡೈಡ್ ಅದನ್ನು ಧಾತುವಾಗಿಸಿಬಿಡುತ್ತದೆ, ಧಾತುವಾದದ್ದು ಅನಿಲವಾಗುವುದಿಲ್ಲ.

ಇಳಿಸಿ ಓದಿಸಿದಾಗ ಸ್ಯಾಂಪಲ್ 11.2 ಆಯಿತು.

ಮೂರನೆಯ ಸಾಕ್ಷಿ: ಗ್ರಾಫೈಟ್ ಫರ್ನೇಸ್

11.8 ಮತ್ತು 11.2 ಹತ್ತಿರವಿವೆ. ಆದರೂ ಮಿತಿಯ ಅಂಚಿನ ಅಂಕಿಗೆ ಬೇರೆ ತತ್ವದ ಇನ್ನೊಂದು ಓದು ಇದ್ದರೆ ಒಳ್ಳೆಯದು. ಫರ್ನೇಸ್‌ಗೆ ವೇಲೆನ್ಸಿಯ ತಂಟೆ ಕಡಿಮೆ, ಕ್ಯಾಲ್ಸಿಯಂನ ಹರಡಿದ ಬೆಳಕಂತೂ ಇಲ್ಲವೇ ಇಲ್ಲ. ಅದರ ಸಮಸ್ಯೆ, ಆರ್ಸೆನಿಕ್ ಬೂದಿ ಹಂತದಲ್ಲೇ ಹಾರಿಹೋಗುವುದು. ಅದಕ್ಕಾಗಿ 20 ಮೈಕ್ರೋಲೀಟರ್ ಸ್ಯಾಂಪಲ್ಲಿಗೆ 5 ಮೈಕ್ರೋಗ್ರಾಂ ಪಲ್ಲಾಡಿಯಂ, 3 ಮೈಕ್ರೋಗ್ರಾಂ ಮೆಗ್ನೀಸಿಯಂ ನೈಟ್ರೇಟ್ ಸೇರಿಸುತ್ತಾರೆ. ಆಗ 1200 ಡಿಗ್ರಿಯವರೆಗೂ ಬೂದಿ ಮಾಡಿ ಉಳಿದ ಲವಣದ ಹೊಗೆ ಕಳೆಯಬಹುದು. ಮಾಡಿಫೈಯರ್ ಹಾಕುವ ತೋಳು ಕೆಟ್ಟಿದ್ದರೆ ಓದು ಒಮ್ಮೆಲೇ ಬಿದ್ದು, ಪೀಕ್ ಬೇಗ ಬರುತ್ತದೆ.

10 ಪಿಪಿಬಿಯ 20 ಮೈಕ್ರೋಲೀಟರಿನಲ್ಲಿ ಇರುವುದು 200 ಪಿಕೋಗ್ರಾಂ ಆರ್ಸೆನಿಕ್. ಯಂತ್ರದ ವಿಶಿಷ್ಟ ದ್ರವ್ಯರಾಶಿ 40 ಪಿಕೋಗ್ರಾಂ ಆದರೆ (ಅಂದರೆ 0.0044 ಸಿಗ್ನಲಿಗೆ ಬೇಕಾದಷ್ಟು) ಸಿಗ್ನಲ್ ಬರೀ 0.022. ಇಷ್ಟು ಚಿಕ್ಕ ಪೀಕಿನಲ್ಲಿ ಹಳೆಯ ದೀಪದ ನಡುಕ ನೇರವಾಗಿ ಕಾಣುತ್ತದೆ. s ದೊಡ್ಡದಾದರೆ ಕೊಳವೆ ಬದಲಿಸುವ ಮೊದಲು ದೀಪದ ಶಕ್ತಿ ನೋಡಿ. ಆರ್ಸೆನಿಕ್‌ಗೆ ಸಾಧಾರಣ ಹಾಲೋ ಕ್ಯಾಥೋಡ್ ದೀಪಕ್ಕಿಂತ ಇಡಿಎಲ್ ದೀಪ ಒಳ್ಳೆಯದು. ಇಲ್ಲಿ ಸ್ಪೈಕ್ ಪರೀಕ್ಷೆಗೆ ಬೆಲೆ ಇದೆ, ಏಕೆಂದರೆ ಹಾರಿಹೋಗುವುದು ಗುಣಿಸುವ ದೋಷ. ಕೂಡಿಸುವ ದೋಷ ಇಲ್ಲಿ ಬರುವುದಾದರೆ ಹಿನ್ನೆಲೆ ಹೀರಿಕೆಯಿಂದ. ಡ್ಯೂಟೀರಿಯಂ ತಿದ್ದುಪಡಿಯ ಹಳೆಯ ಯಂತ್ರದಲ್ಲಿ 193.7ರ ಬಳಿ ಅಲ್ಯೂಮಿನಿಯಂ, ಫಾಸ್ಫೇಟ್ ತೊಂದರೆ ಕೊಡುತ್ತವೆ. ಝೀಮನ್ ಇದ್ದರೆ ಚಿಂತೆ ಕಡಿಮೆ. ಫರ್ನೇಸ್ ಕೊಟ್ಟದ್ದು 10.9.

ಬೇರೆ ಲೋಹಗಳಿಗೆ ಇಷ್ಟೊಂದು ಪಾಡು ಬೇಕಿಲ್ಲ. ಕಬ್ಬಿಣ, ಮ್ಯಾಂಗನೀಸ್, ಸತುಗಳಿಗೆ ಐಸಿಪಿ ಆರಾಮ, ಜ್ವಾಲೆಯೂ ಸಾಕು. ಸೀಸದ ಮಿತಿಯೂ 10 ಪಿಪಿಬಿ. ಜ್ವಾಲೆಯ ಪತ್ತೆ ಮಿತಿ 15ರ ಆಸುಪಾಸು, ಆದ್ದರಿಂದ ಫರ್ನೇಸ್. ಕ್ಯಾಡ್ಮಿಯಂನ 3 ಪಿಪಿಬಿಯನ್ನು ಒಳ್ಳೆಯ ಐಸಿಪಿ ಮುಟ್ಟಬಹುದು, ಆದರೆ ಆರ್ಸೆನಿಕ್ ಹೆಚ್ಚಿರುವ ನೀರಿನಲ್ಲಿ `Cd 228.802` ಬೇಡ, ಅದರ ಮೇಲೆಯೇ `As 228.812` ಕೂತಿದೆ. `Cd 214.439` ತೆಗೆದುಕೊಳ್ಳಿ. 11 ಪಿಪಿಬಿ ಆರ್ಸೆನಿಕ್ ಅಲ್ಲಿ ಏನೂ ಮಾಡದು. ನೂರಾರು ಇದ್ದರೆ ಮಾಡುತ್ತದೆ.

ವರದಿಯಲ್ಲಿ ಯಾವ ಅಂಕಿ

ಹೈಡ್ರೈಡ್‌ನ 11.2 ಬರೆಯಿರಿ, ವಿಧಾನ ಮತ್ತು ಅಳತೆ ಮಿತಿ 1.2 ಎಂದು ಜೊತೆಗೆ ನಮೂದಿಸಿ. ಐಸಿಪಿಯ 11.8 ಅದರ ಅಳತೆ ಮಿತಿ 12.4ರ ಕೆಳಗಿದೆ, ಅಂಕಿಯಾಗಿ ಬರೆಯುವಂತಿಲ್ಲ. ಲ್ಯಾಬಿನ ಕಡತದಲ್ಲಿ ಇರಲಿ. 11.2ಕ್ಕೆ ಸೇರಿಸಬೇಕಾದ ಅನಿಶ್ಚಿತತೆ ಶೇಕಡಾ 10 ಎಂದುಕೊಂಡರೂ ಕೆಳ ಅಂಚು 10.1ಕ್ಕೆ ಬಂದು ಮಿತಿಯನ್ನು ಮುಟ್ಟಿಯೇ ಬಿಡುತ್ತದೆ. ಹೀಗಿರುವಾಗ ಬಾವಿಗೆ ಮತ್ತೆ ಹೋಗಿ ಎರಡು ಬಾಟಲಿ ತರಬೇಕು. ಪಂಪ್ ಹದಿನೈದು ನಿಮಿಷ ಓಡಿದ ಮೇಲೆ, ಒಂದನ್ನು ಹಾಗೇ, ಇನ್ನೊಂದನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಎರಡಕ್ಕೂ ಅಲ್ಲೇ ಲೀಟರಿಗೆ 2 ಮಿ.ಲೀ. ನೈಟ್ರಿಕ್ ಹಾಕಿ. ಜೊತೆಗೆ ಲ್ಯಾಬಿನಿಂದ ಒಯ್ದ ಶುದ್ಧ ನೀರಿಗೂ ಅದೇ ಆಮ್ಲವನ್ನು ಅದೇ ಪಿಪೆಟ್ಟಿನಿಂದ ಹಾಕಿದ ಒಂದು ಫೀಲ್ಡ್ ಬ್ಲ್ಯಾಂಕ್. ಸೋಸಿದ್ದು, ಸೋಸದ್ದು ಎರಡೂ 11ರ ಹತ್ತಿರ ಬಂದು ಬ್ಲ್ಯಾಂಕ್ 0.4ರ ಕೆಳಗಿದ್ದರೆ ಬಾವಿ ಮಿತಿ ಮೀರಿದೆ ಎಂದು ಬರೆಯಲು ಅಡ್ಡಿಯಿಲ್ಲ.